11 ವೋಲ್ಟಿನ ಬಾಲ, 3000 ವೋಲ್ಟಿನ ಬಾಲ: ಡಿಫರೆನ್ಷಿಯಲ್ ಆಂಪ್ಲಿಫೈಯರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೆಡ್‌ಬೋರ್ಡ್ ಮೇಲೆ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಕಟ್ಟಿದವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಗೇನ್ ಲೆಕ್ಕಕ್ಕೆ ಸರಿಯಾಗಿ ಬರುತ್ತದೆ. ಕಾಮನ್ ಮೋಡ್ ರಿಜೆಕ್ಷನ್ ರೇಷಿಯೋ ಮಾತ್ರ, ಅಂದರೆ ಸಿಎಂಆರ್‌ಆರ್, 46 ಡೆಸಿಬೆಲ್ ಹತ್ತಿರ ಬಂದು ನಿಂತುಬಿಡುತ್ತದೆ. ರೆಸಿಸ್ಟರ್ ಬದಲಾಯಿಸಿದರೂ ಅಷ್ಟೇ, ಟ್ರಾನ್ಸಿಸ್ಟರ್ ಬದಲಾಯಿಸಿದರೂ ಅಷ್ಟೇ. ಅದು ಯಾಕೆ ಅಲ್ಲೇ ನಿಲ್ಲುತ್ತದೆ, ಎಮಿಟರ್‌ಗಳ ಕೆಳಗಿನ ಬಾಲಕ್ಕೆ ಕರೆಂಟ್ ಸೋರ್ಸ್ ಹಾಕಿದರೆ ಯಾಕೆ ಮೇಲೇರುತ್ತದೆ ಅನ್ನುವುದಷ್ಟೇ ಈ ಪುಟದ ವಿಷಯ. ಉದ್ದಕ್ಕೂ ಒಂದೇ ಸರ್ಕ್ಯೂಟ್ ಹಿಡಿದುಕೊಂಡು ಹೋಗುತ್ತೇನೆ.

ಆ ಸರ್ಕ್ಯೂಟ್ ಯಾವುದು, ಮೊದಲು ಅದನ್ನ ಹೇಳಿ.

ಎರಡು ಬಿಸಿ 547 ಟ್ರಾನ್ಸಿಸ್ಟರ್‌ಗಳು. ಸಪ್ಲೈ +12 ವೋಲ್ಟ್ ಮತ್ತು −12 ವೋಲ್ಟ್. ಪ್ರತಿ ಕಲೆಕ್ಟರ್‌ನಿಂದ +12ಕ್ಕೆ ಒಂದೊಂದು 10 ಕಿಲೋಓಮ್ ರೆಸಿಸ್ಟರ್. ಎರಡೂ ಎಮಿಟರ್‌ಗಳನ್ನು ಸೇರಿಸಿ, ಆ ಜಂಟಿ ಬಿಂದುವಿನಿಂದ −12ಕ್ಕೆ ಒಂದು 11 ಕಿಲೋಓಮ್ ರೆಸಿಸ್ಟರ್. ಈ ಕೊನೆಯ ರೆಸಿಸ್ಟರನ್ನೇ ಟೇಲ್ ಅನ್ನುವುದು. ನಾನು ಬಾಲ ಅಂತಲೇ ಕರೆಯುತ್ತೇನೆ.

ಎರಡೂ ಬೇಸ್‌ಗಳನ್ನು ಗ್ರೌಂಡ್‌ಗೆ ಕೊಟ್ಟಾಗ ಎಮಿಟರ್‌ಗಳು ಸುಮಾರು −0.65 ವೋಲ್ಟ್‌ನಲ್ಲಿ ಕೂರುತ್ತವೆ. ಬಾಲದ ಮೇಲೆ 11 ವೋಲ್ಟ್ ಚಿಲ್ಲರೆ ಬೀಳುತ್ತದೆ, ಹಾಗಾಗಿ ಬಾಲದಲ್ಲಿ ಹರಿಯುವುದು ಸುಮಾರು 1 ಮಿಲಿಆಂಪ್. ಇಬ್ಬರೂ ಅರ್ಧರ್ಧ ಹಂಚಿಕೊಂಡರೆ ತಲಾ 0.5 ಮಿಲಿಆಂಪ್. 10 ಕಿಲೋಓಮ್ ಮೇಲೆ 5 ವೋಲ್ಟ್ ಬಿದ್ದು, ಪ್ರತಿ ಕಲೆಕ್ಟರ್ 7 ವೋಲ್ಟ್ ಹತ್ತಿರ ನಿಲ್ಲುತ್ತದೆ. ಈ 7 ವೋಲ್ಟ್ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಅಂಕಿ ಬೇಕು. ಎಮಿಟರ್ ಒಳಗೆ ಕಣ್ಣಿಗೆ ಕಾಣದ ಒಂದು ಚಿಕ್ಕ ರೆಸಿಸ್ಟೆನ್ಸ್ ಇದೆ ಅಂತ ಲೆಕ್ಕ. ಅದನ್ನು `re` ಅಂತ ಬರೆಯುತ್ತಾರೆ. ರೂಮಿನ ಬಿಸಿಯಲ್ಲಿ ಅದು 26 ಮಿಲಿವೋಲ್ಟ್ ಭಾಗಿಸು ಎಮಿಟರ್ ಕರೆಂಟ್. 0.5 ಮಿಲಿಆಂಪ್‌ಗೆ 52 ಓಮ್.

ಕಾಮನ್ ಮೋಡ್ ಅಂದ್ರೆ ಏನು? ಅದು ಎಲ್ಲಿಂದ ಬರುತ್ತೆ?

ಎರಡೂ ಇನ್‌ಪುಟ್‌ಗೆ ಒಂದೇ ಸಲ, ಒಂದೇ ಅಳತೆಯಲ್ಲಿ ಬರುವ ವೋಲ್ಟೇಜ್ ಕಾಮನ್ ಮೋಡ್. ಎರಡರ ನಡುವಿನ ವ್ಯತ್ಯಾಸ ಡಿಫರೆನ್ಷಿಯಲ್. ನಮಗೆ ಬೇಕಾದ್ದು ಯಾವಾಗಲೂ ಎರಡನೆಯದು.

ಇಸಿಜಿ ತೆಗೆದುಕೊಳ್ಳಿ. ಎದೆಯ ಮೇಲೆ ಸಿಗುವ ಹೃದಯದ ಸಿಗ್ನಲ್ ಸುಮಾರು 1 ಮಿಲಿವೋಲ್ಟ್. ಆದರೆ ಗೋಡೆಯೊಳಗಿನ ವೈರಿಂಗ್‌ನಿಂದ ಇಡೀ ಮೈಮೇಲೆ 50 ಹರ್ಟ್ಸ್ ಕೂತಿರುತ್ತದೆ. ಅದು ಸುಲಭವಾಗಿ ನೂರಾರು ಮಿಲಿವೋಲ್ಟ್ ಆಗಬಹುದು. ಲೆಕ್ಕಕ್ಕೆ 1 ವೋಲ್ಟ್ ಅಂತ ಇಟ್ಟುಕೊಳ್ಳೋಣ. ಎರಡೂ ಎಲೆಕ್ಟ್ರೋಡ್‌ಗಳು ಒಂದೇ ಮೈಮೇಲೆ ಇರುವುದರಿಂದ ಈ 1 ವೋಲ್ಟ್ ಎರಡಕ್ಕೂ ಸಮಾನ. ಬೇಡದ್ದು ಬೇಕಾದ್ದಕ್ಕಿಂತ ಸಾವಿರ ಪಟ್ಟು ದೊಡ್ಡದು ಅಂತಾಯಿತು.

ಇಲ್ಲೇ ಒಂದು ಮಾತು. ನಾವು ಕಟ್ಟುತ್ತಿರುವ ಸರ್ಕ್ಯೂಟನ್ನು ಯಾರ ಮೈಗೂ ಜೋಡಿಸಬೇಡಿ. ಕರೆಂಟ್ ಪ್ಲಗ್‌ನಿಂದ ನಡೆಯುವ ಸಪ್ಲೈಗೂ ಮೈಗೂ ನಡುವೆ ಐಸೊಲೇಷನ್ ಇರಲೇಬೇಕು, ಇದರಲ್ಲಿ ಅದಿಲ್ಲ. ಇಸಿಜಿ ಇಲ್ಲಿ ಬರೀ ಲೆಕ್ಕಕ್ಕೆ.

ಸರ್ಕ್ಯೂಟ್‌ಗೆ ಯಾವುದು ಬೇಕು, ಯಾವುದು ಬೇಡ ಅಂತ ಹೇಗೆ ಗೊತ್ತಾಗುತ್ತೆ?

ಅದಕ್ಕೆ ಏನೂ ಗೊತ್ತಿಲ್ಲ. ಬಾಲ ಏನು ಮಾಡುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಮೊದಲು ಡಿಫರೆನ್ಷಿಯಲ್ ನೋಡೋಣ. ಒಂದು ಬೇಸ್ ಅರ್ಧ ಮಿಲಿವೋಲ್ಟ್ ಮೇಲೆ ಹೋಯಿತು, ಇನ್ನೊಂದು ಅರ್ಧ ಮಿಲಿವೋಲ್ಟ್ ಕೆಳಗೆ ಬಂತು. ಒಬ್ಬ ಎಮಿಟರನ್ನು ಮೇಲಕ್ಕೆ ಎಳೆಯುತ್ತಾನೆ, ಇನ್ನೊಬ್ಬ ಅಷ್ಟೇ ಬಲದಿಂದ ಕೆಳಕ್ಕೆ. ಜಂಟಿ ಬಿಂದು ಅಲುಗಾಡುವುದಿಲ್ಲ. ಅಂದರೆ ಬಾಲ ಇದೆಯೋ ಇಲ್ಲವೋ ಅನ್ನುವುದೇ ಈ ಸಿಗ್ನಲ್‌ಗೆ ಗೊತ್ತಾಗುವುದಿಲ್ಲ. ಪ್ರತಿ ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ಬದಲಾಗುವುದು 0.5 ಮಿಲಿವೋಲ್ಟ್ ಭಾಗಿಸು 52 ಓಮ್, ಅಂದರೆ 9.6 ಮೈಕ್ರೋಆಂಪ್. 10 ಕಿಲೋಓಮ್ ಮೇಲೆ ಅದು 96 ಮಿಲಿವೋಲ್ಟ್. 1 ಮಿಲಿವೋಲ್ಟ್ ಕೊಟ್ಟರೆ ಒಂದು ಕಲೆಕ್ಟರ್‌ನಲ್ಲಿ 96 ಮಿಲಿವೋಲ್ಟ್ ಸಿಕ್ಕಿತು. ಗೇನ್ 96.

ಈಗ ಎರಡೂ ಬೇಸ್‌ಗಳನ್ನು ಒಟ್ಟಿಗೆ 1 ವೋಲ್ಟ್ ಮೇಲೆತ್ತಿ. ಎರಡೂ ಎಮಿಟರ್ ಹಿಂದೆಯೇ ಬರುತ್ತವೆ, ಜಂಟಿ ಬಿಂದುವೂ 1 ವೋಲ್ಟ್ ಏರುತ್ತದೆ. 11 ಕಿಲೋಓಮ್ ಮೇಲೆ 1 ವೋಲ್ಟ್ ಜಾಸ್ತಿ ಬಿತ್ತು, ಹಾಗಾಗಿ 0.09 ಮಿಲಿಆಂಪ್ ಜಾಸ್ತಿ ಹರಿಯಿತು. ಅದರಲ್ಲಿ ತಲಾ ಅರ್ಧ, 0.045 ಮಿಲಿಆಂಪ್. ಪ್ರತಿ ಕಲೆಕ್ಟರ್ 0.45 ವೋಲ್ಟ್ ಕೆಳಗಿಳಿಯಿತು. ಕಾಮನ್ ಮೋಡ್ ಗೇನ್ 0.45.

ಒಂದು ಸಲ ಈ ಎರಡು ಪ್ಯಾರಾಗಳನ್ನು ಪೇಪರ್ ಮೇಲೆ ಬರೆದು ನೋಡಿ. ಕಾಮನ್ ಮೋಡ್ ತೊಂದರೆ ಇಷ್ಟೂ ಬಂದಿದ್ದು ಒಂದೇ ಕಾರಣಕ್ಕೆ: ಜಂಟಿ ಬಿಂದು ಏರಿದಾಗ ಬಾಲ ತನ್ನ ಕರೆಂಟ್ ಬದಲಾಯಿಸಿತು.

ಸಿಎಂಆರ್‌ಆರ್ ಎಷ್ಟಾಯಿತು? ಅದು ಸಾಲದಾ?

ಬೇಕಾದ ಗೇನ್ ಭಾಗಿಸು ಬೇಡದ ಗೇನ್. 96 ಭಾಗಿಸು 0.45, ಸುಮಾರು 210. ಡೆಸಿಬೆಲ್‌ನಲ್ಲಿ 46 ಚಿಲ್ಲರೆ.

```
Ad   = RC / (2·re)
Ac   ≈ RC / (2·RT)
CMRR = Ad / Ac ≈ RT / re
dB   = 20·log10(CMRR)
```

ಇಲ್ಲಿ `Ad` ಬೇಕಾದ ಗೇನ್, `Ac` ಬೇಡದ ಗೇನ್, `RC` ಕಲೆಕ್ಟರ್ ರೆಸಿಸ್ಟರ್, `RT` ಅಂದರೆ ಬಾಲದ ರೆಸಿಸ್ಟೆನ್ಸ್. ಔಟ್‌ಪುಟ್ ಒಂದೇ ಕಲೆಕ್ಟರ್‌ನಿಂದ ತೆಗೆದುಕೊಳ್ಳುತ್ತಿದ್ದೇವೆ.

210 ಅಂದರೆ ದೊಡ್ಡದಾಗೇ ಕೇಳಿಸುತ್ತದೆ ಅಲ್ವಾ? ನಮ್ಮ ಇಸಿಜಿಗೆ ಹಚ್ಚಿ ನೋಡಿ. 1 ವೋಲ್ಟ್ ಭಾಗಿಸು 210, ಅಂದರೆ ಇನ್‌ಪುಟ್‌ನಲ್ಲಿ 4.7 ಮಿಲಿವೋಲ್ಟ್ ಸುಳ್ಳು ಸಿಗ್ನಲ್ ಇದ್ದಹಾಗೆ. ಹೃದಯದ್ದು 1 ಮಿಲಿವೋಲ್ಟ್. ಸ್ಕೋಪ್ ಮೇಲೆ ಕಾಣುವುದು ಬರೀ 50 ಹರ್ಟ್ಸ್ ಅಲೆ, ಅದರ ಮೇಲೆ ಎಲ್ಲೋ ಸಣ್ಣ ಗುಬುಟು ಇದ್ದರೂ ಇರಬಹುದು. ಸಾಲದು.

ಸರಿ, ಸೂತ್ರದಲ್ಲಿ `RT` ಮೇಲಿದೆ. 11 ಕೆ ತೆಗೆದು 100 ಕೆ ಹಾಕಿದರೆ ಮುಗಿಯಿತಲ್ಲ?

ಎಲ್ಲರೂ ಮೊದಲು ಮಾಡುವುದು ಇದನ್ನೇ. ನಾನೂ ಮಾಡಿದ್ದೆ. ಅಳೆದಾಗ ಸಿಎಂಆರ್‌ಆರ್ ಇದ್ದಲ್ಲೇ ಇತ್ತು, ಗೇನ್ ಮಾತ್ರ ಪಾತಾಳಕ್ಕೆ ಹೋಗಿತ್ತು. ಅರ್ಧ ದಿನ ಪ್ರೋಬ್ ಕೆಟ್ಟಿದೆ ಅಂದುಕೊಂಡಿದ್ದೆ.

ಲೆಕ್ಕ ಹಾಕಿ ನೋಡಿ. 100 ಕಿಲೋಓಮ್ ಹಾಕಿದರೆ ಬಾಲದ ಕರೆಂಟ್ 0.11 ಮಿಲಿಆಂಪ್‌ಗೆ ಇಳಿಯುತ್ತದೆ. ತಲಾ 0.057. ಆಗ `re` 52 ಓಮ್ ಆಗಿ ಉಳಿಯುವುದಿಲ್ಲ, 458 ಓಮ್ ಆಗುತ್ತದೆ. 100 ಕಿಲೋಓಮ್ ಭಾಗಿಸು 458, ಸುಮಾರು 218. ಮತ್ತೆ ಅದೇ ಅಂಕಿ! ಗೇನ್ ಮಾತ್ರ 96ರಿಂದ 11ಕ್ಕೆ ಬಂತು. ಕಲೆಕ್ಟರ್ ರೆಸಿಸ್ಟರ್‌ಗಳನ್ನೂ 100 ಕಿಲೋಓಮ್ ಮಾಡಿದರೆ ಗೇನ್ ವಾಪಸ್ ಬರುತ್ತದೆ, ಆದರೆ ಅದರ ಜೊತೆ ಕಾಮನ್ ಮೋಡ್ ಗೇನೂ ಏರುತ್ತದೆ. ಸಿಎಂಆರ್‌ಆರ್ ಅಲ್ಲಾಡುವುದಿಲ್ಲ.

ಯಾಕೆ ಅಂತ ಸೂತ್ರವನ್ನು ಒಂದು ಹೆಜ್ಜೆ ಮುಂದೆ ಎಳೆದರೆ ಕಾಣುತ್ತದೆ. `I` ಅನ್ನುವುದು ಬಾಲದ ಒಟ್ಟು ಕರೆಂಟ್.

```
re   = 26 mV / (I/2) = 52 mV / I
CMRR = RT / re = (RT · I) / 52 mV
     = ಬಾಲದ ಮೇಲೆ ಬೀಳುವ ವೋಲ್ಟೇಜ್ / 52 mV
```

ರೆಸಿಸ್ಟರ್ ಬೆಲೆ ಮಾಯವಾಯಿತು ನೋಡಿ. ಉಳಿದಿದ್ದು ಬಾಲದ ಮೇಲೆ ಎಷ್ಟು ವೋಲ್ಟ್ ಬೀಳುತ್ತದೆ ಅನ್ನುವುದು ಮಾತ್ರ. −12 ಸಪ್ಲೈ ಇದ್ದರೆ ಅದು 11 ಚಿಲ್ಲರೆ ವೋಲ್ಟ್, ನೀವು 1 ಕಿಲೋಓಮ್ ಹಾಕಿ, 1 ಮೆಗಾಓಮ್ ಹಾಕಿ. ನಮ್ಮದು 11 ವೋಲ್ಟಿನ ಬಾಲ. ಅದಕ್ಕೆ 46 ಡೆಸಿಬೆಲ್. ಅಷ್ಟೇ ಅದರ ಯೋಗ್ಯತೆ.

ಇನ್ನು 80 ಡೆಸಿಬೆಲ್ ಬೇಕು, ಅಂದರೆ 10,000 ಬೇಕು ಅಂದರೆ? 10,000 ಗುಣಿಸು 52 ಮಿಲಿವೋಲ್ಟ್, 520 ವೋಲ್ಟ್ ಬಾಲ ಬೇಕು. ಅಂದರೆ −520 ವೋಲ್ಟ್ ಸಪ್ಲೈ. ಬ್ರೆಡ್‌ಬೋರ್ಡ್ ಮೇಲೆ!

ಹಿಂದೆ ವಾಲ್ವ್ ಕಾಲದಲ್ಲಿ ಏನು ಮಾಡುತ್ತಿದ್ದರು?

ಹತ್ತಿರ ಹತ್ತಿರ ಅದನ್ನೇ. ದೊಡ್ಡ ನೆಗೆಟಿವ್ ಸಪ್ಲೈ, ಅಲ್ಲಿಗೆ ದೊಡ್ಡ ರೆಸಿಸ್ಟರ್. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1936ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಟೆಲಿವಿಷನ್ ಸಿಗ್ನಲ್ ಕೇಬಲ್‌ನಲ್ಲಿ ಬರುವಾಗ ಸೇರಿಕೊಳ್ಳುವ ಗದ್ದಲ ತೆಗೆಯುವುದು ಅವನ ಗುರಿ. ಅದಕ್ಕೆ ಸ್ವಲ್ಪ ಮುಂಚೆ, 1934ರಲ್ಲಿ, ಬ್ರಯಾನ್ ಮ್ಯಾಥ್ಯೂಸ್ ಎಂಬ ಶರೀರಶಾಸ್ತ್ರಜ್ಞ ನರಗಳ ಸಣ್ಣ ಸಿಗ್ನಲ್ ಅಳೆಯಲು ಎರಡು ಇನ್‌ಪುಟ್‌ಗಳ ಇಂಥದೇ ಆಂಪ್ಲಿಫೈಯರ್ ಬಳಸಿದ್ದ. ಈ ಸರ್ಕ್ಯೂಟ್‌ಗೆ ಉದ್ದ ಬಾಲದ ಜೋಡಿ ಅನ್ನುವ ಅರ್ಥದ ಹೆಸರು ಬಂದಿದ್ದೇ ಆ ಉದ್ದ ರೆಸಿಸ್ಟರ್‌ನಿಂದ. ವಾಲ್ವ್‌ಗಳಿಗೆ ಹೇಗೂ ನೂರಾರು ವೋಲ್ಟ್ ಬೇಕಿತ್ತು, ಆದ್ದರಿಂದ ಬಾಲಕ್ಕೆ ಒಂದಿಷ್ಟು ಕೊಡುವುದು ಕಷ್ಟವಾಗಲಿಲ್ಲ.

ಕರೆಂಟ್ ಸೋರ್ಸ್ ಬಂದರೆ ಏನು ಬದಲಾಗುತ್ತೆ?

ರೆಸಿಸ್ಟರ್‌ನಲ್ಲಿ ಎರಡು ವಿಷಯ ಗಂಟುಬಿದ್ದಿವೆ. ಒಂದು, ಎಷ್ಟು ಕರೆಂಟ್ ಹರಿಯುತ್ತದೆ. ಎರಡು, ವೋಲ್ಟೇಜ್ ಬದಲಾದಾಗ ಆ ಕರೆಂಟ್ ಎಷ್ಟು ಬದಲಾಗುತ್ತದೆ. ಎರಡಕ್ಕೂ ಒಂದೇ ಅಂಕಿ, ಆ ಕಿಲೋಓಮ್. ಒಂದನ್ನು ಮುಟ್ಟಿದರೆ ಇನ್ನೊಂದು ಅಲ್ಲಾಡುತ್ತದೆ.

ಕರೆಂಟ್ ಸೋರ್ಸ್ ಈ ಗಂಟು ಬಿಚ್ಚುತ್ತದೆ. 1 ಮಿಲಿಆಂಪ್ ಬೇಕಾ, ತಗೋ 1 ಮಿಲಿಆಂಪ್. ಮೇಲಿನ ವೋಲ್ಟೇಜ್ ಏರಲಿ ಇಳಿಯಲಿ, ಅದು ತಲೆಕೆಡಿಸಿಕೊಳ್ಳುವುದಿಲ್ಲ.

ಮನೆಯಲ್ಲಿ ಇಬ್ಬರು ಮಕ್ಕಳಿಗೆ ವಾರಕ್ಕೆ ಒಟ್ಟು ನೂರು ರೂಪಾಯಿ ಅಂತ ಅಮ್ಮ ನಿಗದಿ ಮಾಡಿದ್ದಾರೆ ಅಂದುಕೊಳ್ಳಿ. ಒಬ್ಬ ಹೆಚ್ಚು ಹಟ ಮಾಡಿದರೆ ಅವನಿಗೆ ಅರವತ್ತು, ಇನ್ನೊಬ್ಬನಿಗೆ ನಲವತ್ತು. ಹಂಚಿಕೆ ಬದಲಾಯಿತು, ಅದು ಡಿಫರೆನ್ಷಿಯಲ್. ಇಬ್ಬರೂ ಸೇರಿ ಒಂದೇ ಸಮನೆ ಹಟ ಮಾಡಿದರೆ? ಒಟ್ಟು ನೂರೇ, ಮತ್ತೆ ಐವತ್ತು ಐವತ್ತು. ಕಾಮನ್ ಮೋಡ್‌ಗೆ ಏನೂ ಸಿಗಲಿಲ್ಲ. ರೆಸಿಸ್ಟರ್ ಬಾಲ ಅಂದರೆ ಜೋರಾಗಿ ಅತ್ತಷ್ಟೂ ಪರ್ಸ್ ಬಿಚ್ಚುವ ಅಜ್ಜಿ ಇದ್ದಹಾಗೆ.

ಅದನ್ನ ಕಟ್ಟೋದು ಹೇಗೆ? ಅಂಗಡಿಯಲ್ಲಿ ಕರೆಂಟ್ ಸೋರ್ಸ್ ಅಂತ ಸಿಗುತ್ತಾ?

ಇನ್ನೊಂದು ಬಿಸಿ 547, ಒಂದು ಕೆಂಪು ಎಲ್‌ಇಡಿ, ಎರಡು ರೆಸಿಸ್ಟರ್ ಸಾಕು.

11 ಕಿಲೋಓಮ್ ಕಿತ್ತುಹಾಕಿ. ಮೂರನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರನ್ನು ಜಂಟಿ ಬಿಂದುವಿಗೆ ಕೊಡಿ. ಅದರ ಎಮಿಟರ್‌ನಿಂದ −12ಕ್ಕೆ 1.2 ಕಿಲೋಓಮ್. ಬೇಸ್‌ನಿಂದ −12ಕ್ಕೆ ಎಲ್‌ಇಡಿ, ಅದರ ಚಿಕ್ಕ ಕಾಲು −12 ಕಡೆಗೆ. ಬೇಸ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್, ಎಲ್‌ಇಡಿಗೆ 1 ಮಿಲಿಆಂಪ್ ಉಣಿಸಲು.

ಕೆಂಪು ಎಲ್‌ಇಡಿ ಈ ಕರೆಂಟ್‌ನಲ್ಲಿ ಸುಮಾರು 1.8 ವೋಲ್ಟ್ ಹಿಡಿದುಕೊಳ್ಳುತ್ತದೆ. ಬೇಸ್-ಎಮಿಟರ್ 0.65 ತಿಂದ ಮೇಲೆ 1.2 ಕಿಲೋಓಮ್ ಮೇಲೆ 1.15 ವೋಲ್ಟ್ ಉಳಿಯುತ್ತದೆ. ಕರೆಂಟ್ 0.96 ಮಿಲಿಆಂಪ್. ಹಳೆಯ 1 ಮಿಲಿಆಂಪ್‌ಗೆ ಹತ್ತಿರವೇ ಇದೆ, ಹಾಗಾಗಿ ಕಲೆಕ್ಟರ್‌ಗಳು ಮೊದಲಿದ್ದ 7 ವೋಲ್ಟ್ ಹತ್ತಿರವೇ ಇರುತ್ತವೆ, ಗೇನೂ ಹೆಚ್ಚುಕಡಿಮೆ ಅಷ್ಟೇ.

ಎಲ್‌ಇಡಿ ಬದಲು ಎರಡು ರೆಸಿಸ್ಟರ್‌ಗಳ ಡಿವೈಡರ್ ಹಾಕಬಹುದು. ಆದರೆ ನನಗೆ ಎಲ್‌ಇಡಿಯೇ ಇಷ್ಟ. ಬಿಸಿ ಏರಿದಾಗ ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಎಲ್‌ಇಡಿಯದೂ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ. ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಎರಡನ್ನೂ ಮೈಗೆ ಮೈ ತಾಗಿಸಿ ಇಡಿ. ಎಲ್‌ಇಡಿ ಮಂದವಾಗಿ ಉರಿಯುತ್ತಿದ್ದರೆ ಬೇಸ್ ಬಯಾಸ್ ಸರಿ ಇದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ, ಅದೂ ಒಂದು ಲಾಭ.

ಬಾಲದ ಮೇಲೆ ಈಗಲೂ 11 ವೋಲ್ಟೇ ಇದೆ. ಮೆಗಾಓಮ್ ಎಲ್ಲಿಂದ ಬಂತು?

ಇಲ್ಲಿ ಎರಡು ಮೆಟ್ಟಿಲು ಇದೆ, ಬೇರೆ ಬೇರೆ ನೋಡೋಣ.

ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ವೋಲ್ಟೇಜ್ ಗಟ್ಟಿಯಾಗಿ ಹಿಡಿದಿಟ್ಟರೆ, ಕಲೆಕ್ಟರ್ ವೋಲ್ಟೇಜ್ ಏರಿದರೂ ಕರೆಂಟ್ ಹೆಚ್ಚು ಏರುವುದಿಲ್ಲ. ಸ್ವಲ್ಪ ಏರುತ್ತದೆ, ಅದಕ್ಕೆ ಅರ್ಲಿ ಎಫೆಕ್ಟ್ ಅನ್ನುತ್ತಾರೆ. ಎಷ್ಟು ಅನ್ನುವುದನ್ನು ಅರ್ಲಿ ವೋಲ್ಟೇಜ್ ಅನ್ನುವ ಅಂಕಿ ಹೇಳುತ್ತದೆ. ಟ್ರಾನ್ಸಿಸ್ಟರ್‌ನಿಂದ ಟ್ರಾನ್ಸಿಸ್ಟರ್‌ಗೆ ಅದು ಬದಲಾಗುತ್ತದೆ. ನಾವು 80 ವೋಲ್ಟ್ ಅಂತ ಇಟ್ಟುಕೊಳ್ಳೋಣ. 1 ಮಿಲಿಆಂಪ್‌ನಲ್ಲಿ ಅದು 80 ಕಿಲೋಓಮ್ ರೆಸಿಸ್ಟೆನ್ಸ್ ಇದ್ದಂತೆ ವರ್ತಿಸುತ್ತದೆ. ಅಂದರೆ 80 ವೋಲ್ಟಿನ ಬಾಲ. 80 ಭಾಗಿಸು 0.052, ಸಿಎಂಆರ್‌ಆರ್ ಸುಮಾರು 1500, ಡೆಸಿಬೆಲ್‌ನಲ್ಲಿ 64. ಎಮಿಟರ್ ರೆಸಿಸ್ಟರ್ ಇಲ್ಲದ ಸಾದಾ ಕರೆಂಟ್ ಮಿರರ್ ಹಾಕಿದರೆ ಇಲ್ಲಿಗೇ ನಿಲ್ಲುತ್ತೀರಿ.

ಎರಡನೆಯ ಮೆಟ್ಟಿಲು ಆ 1.2 ಕಿಲೋಓಮ್. ಕಲೆಕ್ಟರ್ ವೋಲ್ಟೇಜ್ ಏರಿ ಕರೆಂಟ್ ಒಂಚೂರು ಹೆಚ್ಚಾಗಲು ನೋಡುತ್ತದೆ. ಹೆಚ್ಚಾದ ಕರೆಂಟ್ 1.2 ಕಿಲೋಓಮ್ ಮೂಲಕವೇ ಹೋಗಬೇಕು, ಹಾಗಾಗಿ ಎಮಿಟರ್ ಮೇಲೇರುತ್ತದೆ. ಬೇಸನ್ನು ಎಲ್‌ಇಡಿ ಕಟ್ಟಿಹಾಕಿದೆ. ಬೇಸ್-ಎಮಿಟರ್ ವೋಲ್ಟೇಜ್ ಕಡಿಮೆಯಾಗುತ್ತದೆ, ಟ್ರಾನ್ಸಿಸ್ಟರ್ ತಾನೇ ಕರೆಂಟನ್ನು ಹಿಂದಕ್ಕೆ ಒತ್ತುತ್ತದೆ. ತನ್ನ ಕಿವಿ ತಾನೇ ಹಿಂಡಿಕೊಂಡ ಹಾಗೆ.

ಎಷ್ಟು ಪಟ್ಟು ಅಂತ ಲೆಕ್ಕ ಹಾಕಬಹುದು. `ro` ಅಂದರೆ ಮೇಲಿನ 80 ಕಿಲೋಓಮ್, `gm` ಟ್ರಾನ್ಸಿಸ್ಟರ್‌ನ ಟ್ರಾನ್ಸ್‌ಕಂಡಕ್ಟೆನ್ಸ್, `rpi` ಅದರ ಬೇಸ್ ಕಡೆಯ ರೆಸಿಸ್ಟೆನ್ಸ್. ಕರೆಂಟ್ ಗೇನ್, ಅಂದರೆ ಬೀಟಾ, 200 ಅಂತ ಹಿಡಿದರೆ:

```
gm   = 1 mA / 26 mV ≈ 0.0385
rpi  = 200 / gm ≈ 5.2 k
1.2k || 5.2k ≈ 975 ohm
Rout = ro·(1 + gm·975) ≈ 80k · 38.5 ≈ 3 M
CMRR ≈ 3 M / 52 ≈ 59,000  (95 dB)
```

3 ಮೆಗಾಓಮ್, 1 ಮಿಲಿಆಂಪ್. ಅಂದರೆ 3000 ವೋಲ್ಟಿನ ಬಾಲ, 12 ವೋಲ್ಟ್ ಸಪ್ಲೈ ಒಳಗೆ. ಇಸಿಜಿಯ 1 ವೋಲ್ಟ್ ಗದ್ದಲ ಈಗ 0.017 ಮಿಲಿವೋಲ್ಟ್‌ನಷ್ಟು ಕಾಣುತ್ತದೆ. 1 ಮಿಲಿವೋಲ್ಟ್ ಸಿಗ್ನಲ್ ಅದರ ಮೇಲೆ ನಿಚ್ಚಳವಾಗಿ ನಿಲ್ಲುತ್ತದೆ.

59,000 ಅನ್ನುವುದನ್ನು ಪೂರ್ತಿ ನಂಬಬೇಡಿ. ಅರ್ಲಿ ವೋಲ್ಟೇಜ್ ನಾವು ಊಹಿಸಿದ್ದು. ಮೇಲಿನ ಎರಡು ಟ್ರಾನ್ಸಿಸ್ಟರ್‌ಗಳ ಅರ್ಲಿ ಎಫೆಕ್ಟ್ ಕೂಡ ಈ ಮಟ್ಟದಲ್ಲಿ ಲೆಕ್ಕಕ್ಕೆ ಬರಲು ಶುರುವಾಗುತ್ತದೆ. 90ರ ಆಸುಪಾಸು ಅಂತ ತಿಳಿದರೆ ಸಾಕು.

ಅಳೆಯೋದು ಹೇಗೆ? ಸ್ಕೋಪ್‌ನಲ್ಲಿ ಏನೂ ಕಾಣ್ತಿಲ್ಲ.

ಕಾಣುವುದಿಲ್ಲ, ಸಹಜ. ಎರಡೂ ಬೇಸ್ ಸೇರಿಸಿ 2 ವೋಲ್ಟ್ ಪೀಕ್-ಟು-ಪೀಕ್ ಕೊಟ್ಟರೆ, ರೆಸಿಸ್ಟರ್ ಬಾಲದಲ್ಲಿ 0.9 ವೋಲ್ಟ್ ಅಲೆ ಚೆನ್ನಾಗಿ ಕಾಣುತ್ತದೆ. ಕರೆಂಟ್ ಸೋರ್ಸ್ ಹಾಕಿದ ಮೇಲೆ ಅದು 3 ಮಿಲಿವೋಲ್ಟ್ ಹತ್ತಿರ. ಬ್ರೆಡ್‌ಬೋರ್ಡ್ ವೈರ್‌ಗಳು ಹಿಡಿದುಕೊಳ್ಳುವ 50 ಹರ್ಟ್ಸ್ ಅದಕ್ಕಿಂತ ದೊಡ್ಡದಿರಬಹುದು. ಸಿಗ್ನಲ್ ಜನರೇಟರ್‌ನಿಂದಲೇ ಟ್ರಿಗರ್ ಕೊಟ್ಟು, ಸ್ಕೋಪ್‌ನಲ್ಲಿ ಆವರೇಜ್ ಮೋಡ್ ಹಾಕಿದರೆ ಸಿಗುತ್ತದೆ.

ನನಗೆ ಸುಲಭ ಅನಿಸುವುದು ಮಲ್ಟಿಮೀಟರ್ ದಾರಿ. ಎರಡೂ ಬೇಸ್‌ಗಳನ್ನು ಸೇರಿಸಿ ಒಂದು ಸಲ −3 ವೋಲ್ಟ್, ಒಂದು ಸಲ +3 ವೋಲ್ಟ್ ಡಿಸಿ ಕೊಡಿ. ರೆಸಿಸ್ಟರ್ ಬಾಲ ಇದ್ದಾಗ ಕಲೆಕ್ಟರ್ 2.7 ವೋಲ್ಟ್ ಸರಿಯುತ್ತದೆ. ಕರೆಂಟ್ ಸೋರ್ಸ್ ಇದ್ದಾಗ ಬರೀ 10 ಮಿಲಿವೋಲ್ಟ್ ಆಸುಪಾಸು. ಮೀಟರ್‌ನ 20 ವೋಲ್ಟ್ ರೇಂಜ್‌ನಲ್ಲಿ ಅದು ಕೊನೆಯ ಒಂದು ಅಂಕಿ ಅಷ್ಟೇ, ನಂಬಲಾಗದು. ಅದಕ್ಕೆ +12ರಿಂದ ಎರಡು ರೆಸಿಸ್ಟರ್ ಮತ್ತು ಒಂದು ಪ್ರೀಸೆಟ್ ಹಾಕಿ 7 ವೋಲ್ಟ್ ಮಾಡಿಕೊಳ್ಳಿ. ಮೀಟರ್‌ನ ಒಂದು ಕಡ್ಡಿ ಅಲ್ಲಿ, ಇನ್ನೊಂದು ಕಲೆಕ್ಟರ್‌ನಲ್ಲಿ. ವ್ಯತ್ಯಾಸವನ್ನು 200 ಮಿಲಿವೋಲ್ಟ್ ರೇಂಜ್‌ನಲ್ಲಿ ಓದಿ.

ಈ ಹಂತದಲ್ಲಿ ನಿಮ್ಮ ಬೆರಳೂ ಶತ್ರು. ಬಾಲದ ಟ್ರಾನ್ಸಿಸ್ಟರ್ ಒಂದನ್ನೇ ಮುಟ್ಟಿ 5 ಡಿಗ್ರಿ ಬಿಸಿ ಮಾಡಿದರೆ ಕರೆಂಟ್ ಸುಮಾರು 1 ಶೇಕಡಾ ಏರಿ, ಕಲೆಕ್ಟರ್ 40 ಮಿಲಿವೋಲ್ಟ್ ಸರಿಯುತ್ತದೆ. ನೀವು ಹುಡುಕುತ್ತಿರುವ 10 ಮಿಲಿವೋಲ್ಟ್ ಅದರೊಳಗೆ ಮುಳುಗಿತು. ಮೇಲಿನ ಜೋಡಿಯಲ್ಲಿ ಒಂದನ್ನು ಮುಟ್ಟಿದರಂತೂ ಇನ್ನೂ ಕೇಡು. 1 ಡಿಗ್ರಿ ವ್ಯತ್ಯಾಸ ಅಂದರೆ 2 ಮಿಲಿವೋಲ್ಟ್ ಡಿಫರೆನ್ಷಿಯಲ್ ಇನ್‌ಪುಟ್, ಅದು 96 ಪಟ್ಟಾಗಿ 0.2 ವೋಲ್ಟ್. ಜೋಡಿಯ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ಅಂಟಿಸಿ, ಫ್ಯಾನ್ ಆರಿಸಿ, ಹತ್ತು ನಿಮಿಷ ಬಿಟ್ಟು ಅಳೆಯಿರಿ. ಒಂದೇ ಚಿಪ್ ಮೇಲಿರುವ ಜೋಡಿ ಬೇಕಿದ್ದರೆ ಸಿಎ 3046 ಅಂತ ಐದು ಟ್ರಾನ್ಸಿಸ್ಟರ್‌ಗಳ ಐಸಿ ಇದೆ. ಅದರಲ್ಲಿ ಎರಡರ ಎಮಿಟರ್‌ಗಳು ಒಳಗೇ ಸೇರಿವೆ.

ಕರೆಂಟ್ ಸೋರ್ಸ್ ಹಾಕಿದೆ, ಗೇನೇ ಹೋಯಿತು. ಎಲ್ಲಿ ತಪ್ಪಿದೆ?

ಎಸಿ ಸಿಗ್ನಲ್ ಬಿಡಿ, ಮೊದಲು ಡಿಸಿ ನೋಡಿ. ಎರಡೂ ಬೇಸ್ ಗ್ರೌಂಡ್ ಮಾಡಿ. ಕಲೆಕ್ಟರ್‌ಗಳು 7 ವೋಲ್ಟ್ ಹತ್ತಿರ ಇರಬೇಕು. 1.2 ಕಿಲೋಓಮ್ ಮೇಲೆ 1.15 ವೋಲ್ಟ್ ಇರಬೇಕು.

ಒಂದು ರಾತ್ರಿ ನನ್ನ ಬೋರ್ಡ್‌ನಲ್ಲಿ ಎರಡೂ ಕಲೆಕ್ಟರ್ ಸೊನ್ನೆಗಿಂತ ಸ್ವಲ್ಪ ಕೆಳಗೆ ಬಂದು ಕೂತಿದ್ದವು. ಎಮಿಟರ್ ರೆಸಿಸ್ಟರ್ ಮೇಲೆ ಸರಿಯಾಗಿ 1.15 ವೋಲ್ಟ್! ಅದನ್ನು ನೋಡಿ ಬಾಲ ಸರಿ ಇದೆ ಅಂತ ಜೋಡಿಯ ಟ್ರಾನ್ಸಿಸ್ಟರ್‌ಗಳನ್ನು ಎರಡು ಸಲ ಬದಲಾಯಿಸಿದೆ. ಕೊನೆಗೆ ಬೆಳಕಿಗೆ ಹಿಡಿದು ನೋಡಿದರೆ ರೆಸಿಸ್ಟರ್ ಮೇಲೆ ಕಂದು, ಕೆಂಪು, ಕಂದು. ಬೇಕಿದ್ದದ್ದು ಕಂದು, ಕೆಂಪು, ಕೆಂಪು. 1.2 ಕಿಲೋಓಮ್ ಬದಲು 120 ಓಮ್ ಕೂತಿತ್ತು. ಬಾಲ 9.6 ಮಿಲಿಆಂಪ್ ಕೇಳುತ್ತಿತ್ತು. 10 ಕಿಲೋಓಮ್ ಕಲೆಕ್ಟರ್ ರೆಸಿಸ್ಟರ್‌ಗಳು ಎಷ್ಟು ಹೆಣಗಿದರೂ ತಲಾ 1.3 ಮಿಲಿಆಂಪ್ ಒಳಗೇ ಕೊಡಬಲ್ಲವು. ಉಳಿದದ್ದನ್ನು ಜೋಡಿ ತನ್ನ ಬೇಸ್‌ಗಳಿಂದ ಎಳೆಯುತ್ತಿತ್ತು. ಎರಡೂ ಪೂರ್ತಿ ಸ್ಯಾಚುರೇಟ್ ಆಗಿದ್ದವು.

ಕಲೆಕ್ಟರ್ 12 ವೋಲ್ಟ್‌ನಲ್ಲೇ ಇದ್ದರೆ ಉಲ್ಟಾ ಕತೆ, ಬಾಲದಲ್ಲಿ ಕರೆಂಟೇ ಇಲ್ಲ. ಬೇಸ್‌ಗೆ 10 ಕಿಲೋಓಮ್ ಸರಿಯಾಗಿ ಕೂತಿದೆಯಾ ನೋಡಿ, ಎಮಿಟರ್ ವೈರ್ ನೋಡಿ. ಒಂದು ಕಲೆಕ್ಟರ್ 12, ಇನ್ನೊಂದು 2 ಚಿಲ್ಲರೆ ವೋಲ್ಟ್‌ನಲ್ಲಿ ಇದ್ದರೆ ಒಂದು ಬೇಸ್ ಗಾಳಿಯಲ್ಲಿ ತೇಲುತ್ತಿದೆ.

ಎರಡು ಕಲೆಕ್ಟರ್‌ಗಳ ನಡುವೆ ಔಟ್‌ಪುಟ್ ತೆಗೆದರೆ ಕಾಮನ್ ಮೋಡ್ ತಾನಾಗೇ ಹೋಗಲ್ವಾ? ಆಗ ಕರೆಂಟ್ ಸೋರ್ಸ್ ಯಾಕೆ?

ಎರಡೂ ಕಡೆ ಅಚ್ಚು ಹೊಡೆದಂತೆ ಒಂದೇ ಇದ್ದರೆ ಹೋಗುತ್ತದೆ. ಇರುವುದಿಲ್ಲ. ಎರಡೂ ಕಲೆಕ್ಟರ್ 0.45 ವೋಲ್ಟ್ ಇಳಿದರೂ, ಒಂದು ರೆಸಿಸ್ಟರ್ ಇನ್ನೊಂದಕ್ಕಿಂತ 1 ಶೇಕಡಾ ದೊಡ್ಡದಿದ್ದರೆ 4.5 ಮಿಲಿವೋಲ್ಟ್ ವ್ಯತ್ಯಾಸ ಉಳಿಯುತ್ತದೆ. ಈ ರೀತಿ ತೆಗೆದಾಗ ಗೇನ್ 192, ಸಿಎಂಆರ್‌ಆರ್ 42,000 ಚಿಲ್ಲರೆ. ರೆಸಿಸ್ಟರ್ ಬಾಲಕ್ಕೆ ತುಂಬಾ ಒಳ್ಳೆಯದೇ.

ಆದರೆ ಜೋಡಿಯಲ್ಲಿ ಬೇಸ್-ಎಮಿಟರ್ ವೋಲ್ಟೇಜ್ 2 ಮಿಲಿವೋಲ್ಟ್ ಹೆಚ್ಚುಕಡಿಮೆ ಇದ್ದರೆ ಕರೆಂಟ್‌ಗಳು 8 ಶೇಕಡಾ ಬೇರೆಯಾಗುತ್ತವೆ, ಬಾಲದಿಂದ ಬಂದ ಹೆಚ್ಚುವರಿ ಕರೆಂಟೂ ಅದೇ ಅಸಮ ಪಾಲಿನಲ್ಲಿ ಹಂಚಿಹೋಗುತ್ತದೆ. ಆಗ 42,000 ಹೋಗಿ 5,000 ಆಗುತ್ತದೆ. ಡಬ್ಬಿಯಿಂದ ಕೈಗೆ ಸಿಕ್ಕ ಎರಡು ಬಿಸಿ 547 ತೆಗೆದರೆ 2 ಮಿಲಿವೋಲ್ಟ್ ಅಂದರೆ ಅದೃಷ್ಟವೇ. ಕರೆಂಟ್ ಸೋರ್ಸ್ ಹಾಕಿದರೆ ಹಂಚಲು ಹೆಚ್ಚುವರಿ ಕರೆಂಟೇ ಇರುವುದಿಲ್ಲ. ಅಸಮ ಪಾಲು ಮಾಡಲು ಏನಾದರೂ ಇರಬೇಕಲ್ಲ!

ಹೈ ಫ್ರೀಕ್ವೆನ್ಸಿಯಲ್ಲೂ 95 ಡೆಸಿಬೆಲ್ ಸಿಗುತ್ತಾ?

ಇಲ್ಲ. ಜಂಟಿ ಬಿಂದುವಿನಲ್ಲಿ ಟ್ರಾನ್ಸಿಸ್ಟರ್‌ನದು, ಬ್ರೆಡ್‌ಬೋರ್ಡ್‌ನದು ಸೇರಿ 10 ಪಿಕೋಫ್ಯಾರಡ್ ಆದರೂ ಕೆಪಾಸಿಟೆನ್ಸ್ ಇರುತ್ತದೆ. ಅದು 3 ಮೆಗಾಓಮ್ ಜೊತೆ ಸೇರಿ 5 ಕಿಲೋಹರ್ಟ್ಸ್‌ಗೇ ಸಿಎಂಆರ್‌ಆರ್ ಇಳಿಸಲು ಶುರುಮಾಡುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ 10 ಪಿಕೋಫ್ಯಾರಡ್ ಅಂದರೆ 16 ಕಿಲೋಓಮ್ ಮಾತ್ರ. ಹಳೆಯ 11 ಕಿಲೋಓಮ್ ರೆಸಿಸ್ಟರ್‌ಗಿಂತ ಅಂಥಾ ದೊಡ್ಡದೇನಲ್ಲ. 50 ಹರ್ಟ್ಸ್ ಗದ್ದಲ ಅಟ್ಟಲು ಈ ಬಾಲ ಭಾರಿ, ರೇಡಿಯೋ ಸ್ಟೇಷನ್ನಿನ ಸಿಗ್ನಲ್ ಅಟ್ಟಲು ಅಲ್ಲ.

ಕಟ್ಟುವ ಮುಂಚೆ ಸಿಮ್ಯುಲೇಷನ್‌ನಲ್ಲಿ ನೋಡಬಹುದಾ?

ಯಾವ ಸ್ಪೈಸ್ ಆದರೂ ಸರಿ:

```
* common mode test
VCC vcc 0 12
VEE vee 0 -12
VIN in 0 DC 0 AC 1
RC1 vcc c1 10k
RC2 vcc c2 10k
Q1 c1 in e BC
Q2 c2 in e BC
RT e vee 11k
.model BC NPN(IS=1e-14 BF=200 VAF=80)
.ac dec 10 10 1meg
.end
```

`V(c1)` ಸುಮಾರು 0.45 ಬರುತ್ತದೆ. ಈಗ `RT` ಸಾಲು ತೆಗೆದು ಇದನ್ನು ಹಾಕಿ:

```
Q3 e b3 x BC
R3 x vee 1.2k
VB b3 vee 1.8
CT e 0 10p
```

ಕೆಳಗಿನ ಫ್ರೀಕ್ವೆನ್ಸಿಯಲ್ಲಿ `V(c1)` 1ರಿಂದ 2 ಮಿಲಿವೋಲ್ಟ್ ನಡುವೆ ಇರುತ್ತದೆ, ಮೇಲೆ ಹೋದಂತೆ `CT` ಅದನ್ನು ಎತ್ತುತ್ತದೆ. `CT` ತೆಗೆದು ಇನ್ನೊಮ್ಮೆ ಓಡಿಸಿ. ಹಾಗೇ `R3` ಅನ್ನು 1 ಓಮ್ ಮಾಡಿ, `VB` ಅನ್ನು ಬಾಲದ ಕರೆಂಟ್ 1 ಮಿಲಿಆಂಪ್ ಆಗುವವರೆಗೆ 0.65 ವೋಲ್ಟ್ ಆಸುಪಾಸಿನಲ್ಲಿ ಹೊಂದಿಸಿ. 80 ವೋಲ್ಟಿನ ಬಾಲ ಹೇಗಿರುತ್ತದೆ ಅಂತ ಕಾಣುತ್ತದೆ.

ಇನ್‌ಪುಟ್ ಎಷ್ಟರವರೆಗೆ ಏರಿಸಬಹುದು, ಇಳಿಸಬಹುದು?

ಮೇಲಿನ ಕಡೆ ಬೇಸ್ ಹೋಗಿ ಕಲೆಕ್ಟರ್ ಮುಟ್ಟುವವರೆಗೆ. ರೆಸಿಸ್ಟರ್ ಬಾಲದಲ್ಲಿ ಬೇಸ್ ಏರಿದಂತೆ ಕಲೆಕ್ಟರ್ ಕೆಳಗಿಳಿದು ಎದುರು ಬರುತ್ತದೆ, ಹಾಗಾಗಿ +4.8 ವೋಲ್ಟ್ ಹತ್ತಿರವೇ ಎರಡೂ ಭೇಟಿಯಾಗುತ್ತವೆ. ಕರೆಂಟ್ ಸೋರ್ಸ್ ಇದ್ದರೆ ಕಲೆಕ್ಟರ್ 7ರಲ್ಲೇ ನಿಂತಿರುತ್ತದೆ, ನಿಮಗೆ 2 ವೋಲ್ಟ್ ಜಾಸ್ತಿ ಸಿಕ್ಕಿತು.

ಕೆಳಗಿನ ಕಡೆ ಮಾತ್ರ ಕರೆಂಟ್ ಸೋರ್ಸ್ ಸ್ವಲ್ಪ ಬಾಡಿಗೆ ಕೇಳುತ್ತದೆ. ಅದರ ಎಮಿಟರ್ −10.85ರಲ್ಲಿದೆ. ಕಲೆಕ್ಟರ್ ಅದಕ್ಕಿಂತ ಕಾಲು ವೋಲ್ಟ್ ಆದರೂ ಮೇಲಿರಬೇಕು. ಬೇಸ್‌ಗಳು −9.5 ವೋಲ್ಟ್‌ಗಿಂತ ಕೆಳಗೆ ಹೋಗದಂತೆ ನೋಡಿಕೊಂಡರೆ ಸ್ವಲ್ಪ ಅಂತರ ಇಟ್ಟುಕೊಂಡ ಹಾಗೆ. ಅದಕ್ಕೂ ಕೆಳಗಿಳಿಸುತ್ತಾ ಹೋದರೆ ಬಾಲದ ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗುತ್ತದೆ. ಆಮೇಲೆ ಜಂಟಿ ಬಿಂದುವಿಗೂ −12ಕ್ಕೂ ನಡುವೆ ಉಳಿಯುವುದು ಹೆಚ್ಚುಕಡಿಮೆ 1.2 ಕಿಲೋಓಮ್ ರೆಸಿಸ್ಟರ್, ಅದರ ಮೇಲೆ 1 ಚಿಲ್ಲರೆ ವೋಲ್ಟ್. 52 ಮಿಲಿವೋಲ್ಟ್‌ನಿಂದ ಭಾಗಿಸಿ ನೋಡಿ, ಸಿಎಂಆರ್‌ಆರ್ ಬರೀ 20 ಚಿಲ್ಲರೆ.